ಡಾಲರಿನಲ್ಲಿ ಸಾವಿರ, ಪಾಸ್‌ಬುಕ್ಕಿನಲ್ಲಿ ಎಷ್ಟು?

ಗಲ್ಫ್ ಹಣದ ಲೆಕ್ಕ ಬಂಟ್ವಾಳ, ಬೆಳ್ತಂಗಡಿಯ ಮನೆಗಳಿಗೆ ಹೊಸತಲ್ಲ. ಪೇಪರಿನಲ್ಲಿ ಕಾಣುವ ರೇಟು ಒಂದು, ಕೈಗೆ ಸಿಗುವ ರೇಟು ಇನ್ನೊಂದು ಎಂಬುದು ಇಲ್ಲಿನ ಅಜ್ಜಿಯಂದಿರಿಗೂ ಗೊತ್ತು. ಆದರೆ ಅಂಗಡಿಯೇ ಅಮೆರಿಕದಲ್ಲಿದ್ದು, ಮಾಲು ಮಾತ್ರ ಮೂಡುಬಿದಿರೆಯದ್ದಾದರೆ ಲೆಕ್ಕ ಹೇಗೆ?

ಇಂಜಿನಿಯರಿಂಗ್ ಕಲಿತ ಹುಡುಗನೊಬ್ಬ ಮನೆಯಲ್ಲೇ ಕುಳಿತು ಒಂದು ಕಂಪ್ಯೂಟರ್ ಆಟ ತಯಾರಿಸಿ, ಅಮೆರಿಕದ ‘ಸ್ಟೀಮ್’ ಎಂಬ ಅಂಗಡಿಯಲ್ಲಿ ಮಾರಾಟಕ್ಕೆ ಇಟ್ಟನೆನ್ನಿ. ಗಿರಾಕಿಗಳು ವಾಪಸು ಕೊಟ್ಟದ್ದು, ಆಯಾ ದೇಶದ ಮಾರಾಟ ತೆರಿಗೆ ಎಲ್ಲ ಕಳೆದು 1,000 ಡಾಲರ್ ವ್ಯಾಪಾರವಾಯಿತು. ‘ಸಾವಿರ ಡಾಲರ್ ಬಂತಂತೆ ಮಾರಾಯ್ರೆ’ ಎಂದು ಊರೆಲ್ಲ ಸುದ್ದಿ. ಬಂದದ್ದು ಅಷ್ಟಲ್ಲ.

ಮೊದಲ ಕಡಿತ ಅಂಗಡಿಯದ್ದು, ನೂರಕ್ಕೆ 30. ಉಳಿದದ್ದು 700. ಇದರಲ್ಲಿ ಚೌಕಾಸಿಗೆ ಜಾಗವಿಲ್ಲ.

ಒಂದು ಫಾರಂ, ಎರಡು ರೇಟು

ಎರಡನೆಯದು ಅಮೆರಿಕ ಸರಕಾರದ ತೆರಿಗೆ. ಗಿರಾಕಿ ಅಮೆರಿಕದವನಾಗಿದ್ದರೆ ಮಾತ್ರ ಇದು ಬೀಳುತ್ತದೆ. ಜರ್ಮನಿಯವನೋ ಜಪಾನಿನವನೋ ಕೊಂಡದ್ದಕ್ಕೆ ಇಲ್ಲ. ಅರ್ಧ ಮಾಲು ಅಮೆರಿಕದಲ್ಲೇ ಹೋಯಿತೆಂದರೆ 350 ಡಾಲರಿಗೆ ತೆರಿಗೆ. ಸಾಮಾನ್ಯ ದರ ನೂರಕ್ಕೆ 30, ಅಂದರೆ 105 ಡಾಲರ್. ಆದರೆ 1989ರಲ್ಲಿ ಸಹಿಯಾದ ಭಾರತ-ಅಮೆರಿಕ ತೆರಿಗೆ ಒಪ್ಪಂದದ 12ನೇ ವಿಧಿಯಂತೆ ಇಂಥ ರಾಯಲ್ಟಿಗೆ ನೂರಕ್ಕೆ 15 ಮಾತ್ರ, ಅಂದರೆ 52.50 ಡಾಲರ್.

ಈ ರಿಯಾಯಿತಿ ತನ್ನಷ್ಟಕ್ಕೆ ಬರುವುದಿಲ್ಲ, ಕೇಳಿ ಪಡೆಯಲಿಕ್ಕುಂಟು. ಅದಕ್ಕಿರುವುದೇ W-8BEN ಎಂಬ ಫಾರಂ. ಅದರಲ್ಲಿ ತಾನು ಭಾರತದ ನಿವಾಸಿ ಎಂದು ಬರೆದು, ಪ್ಯಾನ್ ನಂಬರು ಕೊಟ್ಟು, ಒಪ್ಪಂದದ ದರ ಬೇಕೆಂದು ಹೇಳಬೇಕು. ಪ್ಯಾನ್ ನಂಬರಿನ ಜಾಗ ಖಾಲಿ ಬಿಟ್ಟವನಿಗೆ ಪೂರ್ತಿ 30.

ನಮ್ಮೂರಿನಲ್ಲಿ ತೊಂದರೆ ಹುಟ್ಟುವುದು ಹೆಸರಿನಲ್ಲಿ. ಪಾಸ್‌ಬುಕ್ಕಿನಲ್ಲಿ ಬರೀ ಇನಿಶಿಯಲ್, ಪ್ಯಾನ್ ಕಾರ್ಡಿನಲ್ಲಿ ಅಪ್ಪನ ಹೆಸರು ಪೂರ್ತಿ, ಇನ್ನೊಂದು ಕಡೆ ಮನೆತನದ ಹೆಸರು. ಮೂರೂ ಒಂದೇ ಆಗಿರದಿದ್ದರೆ ಅಂಗಡಿಯವರು ಹಣ ತಡೆಹಿಡಿಯಬಹುದು. ಮೊದಲು ಬ್ಯಾಂಕಿಗೆ ಹೋಗಿ ಹೆಸರು ಸರಿಮಾಡಿಸಿ, ಆಮೇಲೆ ಫಾರಂ ತುಂಬುವುದು ಕ್ರಮ. ಫಾರಂಗೂ ಆಯುಸ್ಸುಂಟು: 2026ರಲ್ಲಿ ಸಹಿ ಹಾಕಿದ್ದು 2029ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ.

ರೇಟಿನ ಆಟ

ಫಾರಂ ಸರಿಯಿದ್ದರೆ ಅಲ್ಲಿಂದ ಹೊರಡುವುದು 647.50 ಡಾಲರ್. ತಿಂಗಳ ವ್ಯಾಪಾರದ ಹಣ ಮರು ತಿಂಗಳ ಕೊನೆಗೆ. ಡಾಲರಿಗೆ 90 ರೂಪಾಯಿ ಎಂದು ಪೇಪರಿನಲ್ಲಿದ್ದು, ಬ್ಯಾಂಕು 88.50ರಂತೆ ಕೊಂಡರೆ ಸುಮಾರು 970 ರೂಪಾಯಿ ಅಲ್ಲೇ ಹೋಯಿತು. ದಾರಿಯ ಬ್ಯಾಂಕಿನ ಕಮಿಷನ್ ಬೇರೆ. ಪ್ರತಿ ಸಲ ಬರುವ ಖರ್ಚು ಆದ್ದರಿಂದ ಸಣ್ಣ ಸಣ್ಣ ಮೊತ್ತ ತರಿಸುವುದು ನಷ್ಟ.

ಬ್ಯಾಂಕಿನವರು ‘ಏತರ ದುಡ್ಡು?’ ಎಂದು ಕೇಳುತ್ತಾರೆ. ಗಲ್ಫ್ ಹಣದ ಅಭ್ಯಾಸದಿಂದ ‘ಮನೆ ಖರ್ಚಿಗೆ’ ಎಂದರೆ ತಪ್ಪು. ಇದು ಸಾಫ್ಟ್‌ವೇರ್ ಮಾರಿದ ಸಂಪಾದನೆ ಎಂದೇ ಬರೆಸಿ, ಹಣ ಬಂದ ದಾಖಲೆಯನ್ನು ಕೇಳಿ ಪಡೆಯಬೇಕು.

ಅಲ್ಲಿ ಕಟ್ಟಿದ್ದು ಇಲ್ಲಿ ಸಿಗುತ್ತದೆಯೇ?

‘ಅಮೆರಿಕದಲ್ಲಿ ಹಿಡಿದುಕೊಂಡದ್ದು ಇಲ್ಲಿ ವಾಪಸು ಸಿಗುತ್ತದೆ’ ಎಂಬ ಮಾತು ಅರ್ಧ ಸತ್ಯ. ಇಲ್ಲಿ ಆದಾಯವೆಂದು ತೋರಿಸಬೇಕಾದ್ದು ಕೈಗೆ ಬಂದ 647.50 ಅಲ್ಲ, ತೆರಿಗೆಗೆ ಮೊದಲಿನ 700. ಅಲ್ಲಿ ಕಟ್ಟಿದ 52.50ನ್ನು ಇಲ್ಲಿನ ತೆರಿಗೆಯಿಂದ ಕಳೆಯಬಹುದು. 1961ರ ಕಾನೂನಿನಂತೆ ಅದಕ್ಕೆ ಫಾರಂ 67. 2026ರ ಏಪ್ರಿಲಿನಿಂದ ಹೊಸ ಕಾನೂನು ಬಂದಿರುವುದರಿಂದ ಆ ನಂತರದ ಆದಾಯಕ್ಕೆ ಯಾವ ಫಾರಂ ಎಂದು ಆಡಿಟರಲ್ಲಿ ಕೇಳಿಕೊಳ್ಳಬೇಕು. ಅಂಗಡಿಯವರು ವರ್ಷಕ್ಕೊಮ್ಮೆ ಕೊಡುವ 1042-S ಎಂಬ ಚೀಟಿಯೇ ಇದಕ್ಕೆ ಪುರಾವೆ.

ಆದರೆ ಇಲ್ಲಿ ತೆರಿಗೆಯೇ ಇಲ್ಲದಿದ್ದರೆ ಕಳೆಯುವುದು ಯಾವುದರಿಂದ? 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆ ಸೊನ್ನೆ. ಹಾಗಾಗಿ ಸಣ್ಣ ಸಂಪಾದನೆಯ ಹುಡುಗನಿಗೆ ಅಮೆರಿಕದಲ್ಲಿ ಹೋದದ್ದು ಹೋದದ್ದೇ. ತೆರಿಗೆ ಇದ್ದವನಿಗೂ, ಅಲ್ಲಿ 30 ಹಿಡಿದಿದ್ದರೆ ಇಲ್ಲಿ ಲೆಕ್ಕಕ್ಕೆ ಬರುವುದು ಒಪ್ಪಂದದ 15 ಮಾತ್ರ. ಮಿಕ್ಕದ್ದಕ್ಕೆ ಅಮೆರಿಕದ ತೆರಿಗೆ ಇಲಾಖೆಗೇ ಅರ್ಜಿ ಹಾಕಬೇಕು. ಇಷ್ಟು ಸಣ್ಣ ಮೊತ್ತಕ್ಕೆ ಅದು ಗಿಟ್ಟುವ ಕೆಲಸವಲ್ಲ.

ಮೇಲಿನ ಲೆಕ್ಕದಲ್ಲಿ ಪ್ಯಾನ್ ನಂಬರಿನ ಒಂದು ಖಾಲಿ ಜಾಗದ ಬೆಲೆ 52.50 ಡಾಲರ್, ಸುಮಾರು 4,700 ರೂಪಾಯಿ. ಬ್ಯಾಂಕಿನ ರೇಟಿನಲ್ಲಿ ಹೋದದ್ದಕ್ಕಿಂತ ನಾಲ್ಕು ಪಾಲಿಗೂ ಹೆಚ್ಚು. ಕೌಂಟರಿನಲ್ಲಿ ರೇಟಿಗೆ ಜಗಳಾಡುವ ಮೊದಲು ಫಾರಂ ಒಮ್ಮೆ ನೋಡಿಕೊಳ್ಳುವುದು ಲೇಸು.