ರಕ್ತದ ಬೇಡಿಕೆಪತ್ರದಲ್ಲಿ ಖಾಲಿ ಉಳಿಯುವ ಅಂಕಣ

ಶಿಕಾರಿಪುರದಲ್ಲಾಗಲಿ ಸೊರಬದಲ್ಲಾಗಲಿ ಮುಂಚಿತವಾಗಿ ದಿನ ಗೊತ್ತುಮಾಡಿದ ಶಸ್ತ್ರಚಿಕಿತ್ಸೆಗೆ ಶಿವಮೊಗ್ಗದ ರಕ್ತನಿಧಿಯಿಂದ ರಕ್ತ ತರಿಸಬೇಕಾದರೆ, ರೋಗಿಯ ರಕ್ತದ ಮಾದರಿಯೊಡನೆ ಬೇಡಿಕೆಪತ್ರವೊಂದು ಹೋಗಬೇಕು. ಹೆಸರು, ವಯಸ್ಸು, ಬೇಕಾದ ಚೀಲಗಳ ಸಂಖ್ಯೆ ಇವುಗಳನ್ನು ಬರೆಯಲು ಮರೆಯುವವರು ಕಡಿಮೆ. ಆದರೆ ‘ಹಿಂದೆ ರಕ್ತ ಪಡೆದದ್ದುಂಟೆ? ಎಷ್ಟು ಬಾರಿ ಗರ್ಭಧಾರಣೆ?’ ಎಂಬ ಅಂಕಣವನ್ನು ಖಾಲಿ ಬಿಡುವುದು ಬಹು ಸುಲಭ. ಅದನ್ನು ಖಾಲಿ ಬಿಡಲೇ ಕೂಡದೆಂಬುದು ನಮ್ಮ ಅಭಿಪ್ರಾಯ.

ಇದಕ್ಕೆ ಕಾರಣವುಂಟು. ಕೆಂಪು ಕಣಗಳ ಮೇಲೆ ಎ, ಬಿ ಮತ್ತು ಆರ್‌ಎಚ್ ಡಿ ಅಲ್ಲದೆ ಇನ್ನೂ ಅನೇಕ ಪ್ರತಿಜನಕಗಳಿವೆ. ‘ಸಣ್ಣ ಸಿ’ ಎಂಬುದು ಅವುಗಳಲ್ಲೊಂದು. ಅದಿಲ್ಲದ ತಾಯಿಯ ದೇಹಕ್ಕೆ ಹೆರಿಗೆಯ ಸಮಯದಲ್ಲಿ ಅದುಳ್ಳ ಮಗುವಿನ ಕಣಗಳು ಸೇರಿದರೆ, ಅವುಗಳ ವಿರುದ್ಧ ಪ್ರತಿಕಾಯ ಹುಟ್ಟಬಹುದು. ಮುಂದೆ ಆಕೆಗೆ ಅಂಥ ಕಣಗಳುಳ್ಳ ರಕ್ತ ಕೊಟ್ಟರೆ ಅವು ಒಡೆದು ನಾಶವಾಗುತ್ತವೆ. ಕೆಲವು ದಿನಗಳಲ್ಲಿ ಜ್ವರ, ಕಾಮಾಲೆ ಕಾಣಿಸಿಕೊಂಡು ಹಿಮೋಗ್ಲೋಬಿನ್ ಇಳಿಯುತ್ತದೆ.

ಓ ಪಾಸಿಟಿವ್ ಗುಂಪಿನ, ಮೂರು ಮಕ್ಕಳ ತಾಯಿಯೊಬ್ಬಳಿಗೆ ಬುಧವಾರ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ ಇದೆಯೆಂದೂ, ಎರಡು ಚೀಲ ರಕ್ತ ಬೇಕೆಂದೂ ಭಾವಿಸೋಣ. ಮಾದರಿ ಮಂಗಳವಾರ ಸಂಜೆ ತಲಪಿದರೆ, ಆಕೆಯ ಪ್ಲಾಸ್ಮಾವನ್ನು ದಾನಿಯ ಕಣಗಳೊಡನೆ 37 ಡಿಗ್ರಿಯಲ್ಲಿಟ್ಟು ಕೂಂಬ್ಸ್ ದ್ರವ ಸೇರಿಸಿ ನೋಡುವಾಗ ಕಣಗಳು ಗುಂಪುಗೂಡುತ್ತವೆ. ಈ ಹೊಂದಾಣಿಕೆ ಪರೀಕ್ಷೆಗೆ ಸುಮಾರು ಒಂದು ಗಂಟೆ ಬೇಕು. ಮತ್ತೊಂದು ಚೀಲವೂ ಹೊಂದದಿದ್ದರೆ ಶಸ್ತ್ರಚಿಕಿತ್ಸೆಯನ್ನೇ ಮುಂದೂಡಬೇಕಾದೀತು. ವಾರದ ಮೊದಲೇ ಮಾದರಿ ಕಳುಹಿಸಿ ಪ್ರತಿಕಾಯ ಶೋಧನೆ ಕೇಳಿದ್ದರೆ, ಪ್ರತಿಜನಕಗಳು ಗೊತ್ತಿರುವ ಎರಡು ಮೂರು ಬಗೆಯ ಕಣಗಳೊಡನೆ ಪರೀಕ್ಷಿಸಿ ದೋಷ ಕಂಡುಕೊಂಡು, ‘ಸಣ್ಣ ಸಿ’ ಇಲ್ಲದ ಚೀಲಗಳನ್ನು ಹುಡುಕಿಡಬಹುದಿತ್ತು. ಭಾರತೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಈ ಪ್ರತಿಜನಕ ಇರುವುದರಿಂದ, ಎರಡು ಚೀಲಕ್ಕಾಗಿ ನಾಲ್ಕೈದನ್ನಾದರೂ ನೋಡಬೇಕಾಗುತ್ತದೆ. ಈ ಶೋಧನೆ ಎಲ್ಲ ರಕ್ತನಿಧಿಗಳಲ್ಲೂ ವಾಡಿಕೆಯಾಗಿ ನಡೆಯುವುದಿಲ್ಲ. ಆದುದರಿಂದಲೇ ಕೇಳಿ ಬರೆಯುವುದು ಅಗತ್ಯ. ಕಳೆದ ಮೂರು ತಿಂಗಳಲ್ಲಿ ರಕ್ತ ಪಡೆದಿದ್ದರೆ ಅಥವಾ ಗರ್ಭಿಣಿಯಾಗಿದ್ದರೆ ಹೊಸ ಪ್ರತಿಕಾಯ ಹುಟ್ಟಿರಬಹುದು. ಆಗ ಹೊಂದಾಣಿಕೆಗೆ ಮೂರು ದಿನದೊಳಗಿನ ಬೇರೆ ಮಾದರಿ ಬೇಕು.

ತುರ್ತಿನ ಅಂಕಣದಲ್ಲೂ ಸತ್ಯವನ್ನೇ ಬರೆಯಬೇಕು. ‘ಅತಿ ತುರ್ತು’ ಎಂದರೆ, ಪೂರ್ಣ ಪರೀಕ್ಷೆ ಮುಗಿಯುವ ಮುನ್ನವೇ ವೈದ್ಯರ ಸಹಿಯ ಹೊಣೆಯ ಮೇಲೆ ರಕ್ತ ಬಿಡುವುದು. ಹೆರಿಗೆಯಲ್ಲಿ ರಕ್ತ ಸುರಿಯುತ್ತಿರುವವಳಿಗೆ ಅದು ಯುಕ್ತ. ದಿನ ನಿಗದಿಯಾದ ಶಸ್ತ್ರಚಿಕಿತ್ಸೆಗೆ ಬೇಗ ಸಿಗಲೆಂದು ಅದನ್ನೇ ಗುರುತಿಸಿದರೆ, ನಮ್ಮ ರೋಗಿಗೆ ಪರೀಕ್ಷೆಯ ರಕ್ಷಣೆ ತಪ್ಪುತ್ತದೆ. ನಿಜವಾಗಿ ತುರ್ತಿನಲ್ಲಿರುವವಳು ಸರದಿಯಲ್ಲಿ ಹಿಂದೆ ಬೀಳುತ್ತಾಳೆ. ‘ವಾಡಿಕೆ’ ಎಂದು ಗುರುತಿಸಿ ದಿನಾಂಕ ಬರೆಯುವುದೇ ಸರಿ.

ಶೋಧನೆಗೂ ಮಿತಿಯುಂಟು. ವರ್ಷಗಳು ಕಳೆದಂತೆ ಪ್ರತಿಕಾಯ ಕ್ಷೀಣಿಸಿ ಪರೀಕ್ಷೆಗೆ ಸಿಕ್ಕದಿರಬಹುದು. ಅಂಥದೇ ರಕ್ತ ಮತ್ತೆ ಹೊಕ್ಕರೆ ಅದು ರಭಸದಿಂದ ಹೆಚ್ಚುತ್ತದೆ. ಹಿಂದೆ ಪ್ರತಿಕಾಯ ಸಿಕ್ಕಿತ್ತೆಂಬ ಹಳೆಯ ಆಸ್ಪತ್ರೆಯ ಚೀಟಿಯೊಂದೇ ಆಗ ಸಾಕ್ಷಿ. ಆದುದರಿಂದ ಆ ಅಂಕಣದಲ್ಲಿ ‘ಹೌದು’, ‘ಇಲ್ಲ’, ‘ತಿಳಿಯದು’ ಇವುಗಳಲ್ಲೊಂದನ್ನು ಬರೆಯುವ ತನಕ ಬೇಡಿಕೆಪತ್ರವು ಆಸ್ಪತ್ರೆಯ ಬಾಗಿಲು ದಾಟಬಾರದು. ‘ತಿಳಿಯದು’ ಎಂಬ ಉತ್ತರ ರಕ್ತನಿಧಿಯವರನ್ನು ಎಚ್ಚರಿಸುತ್ತದೆ; ಖಾಲಿ ಜಾಗವನ್ನು ಅವರು ‘ಇಲ್ಲ’ ಎಂದೇ ಓದಿಕೊಳ್ಳುವ ಅಪಾಯವುಂಟು.