ಬಾಂಡ್ ಪೇಪರಿನ ಮಕ್ಕಳು

‘ಹಡೆದವರು ಒಪ್ಪಿ ಕೊಟ್ಟಾರ, ಸಾಕವರು ಒಪ್ಪಿ ತಗೊಂಡಾರ, ನಡುವ ಸರ್ಕಾರದ್ದೇನ ಕೆಲಸ?’ 2024ರ ಮಾರ್ಚ್‌ನಲ್ಲಿ ರಾಯಚೂರು ಜಿಲ್ಲೆಯ ಬಾಲಕಿಯೊಬ್ಬಳನ್ನು ದತ್ತು ನಿಯಮ ಪಾಲಿಸದೆ ಮನೆಯಲ್ಲಿಟ್ಟುಕೊಂಡ ಆರೋಪದ ಮೇಲೆ ರೀಲ್ಸ್ ಖ್ಯಾತಿಯ ಸೋನು ಶ್ರೀನಿವಾಸ ಗೌಡ ಅವರನ್ನು ಬೆಂಗಳೂರಿನಲ್ಲಿ ಬಂಧಿಸಿದಾಗ ರೋಣ, ನರಗುಂದ, ಗಜೇಂದ್ರಗಡದ ಚಹಾದಂಗಡಿಗಳಲ್ಲೂ ಈ ಪ್ರಶ್ನೆಯೇ ಎದ್ದಿತ್ತು. ಬಡವರ ಕೂಸಿಗೆ ಅನ್ನ ಹಾಕಿದರೆ ಜೈಲೇ ಎಂಬ ಸಿಟ್ಟು ಸುಲಭವಾಗಿ ಬರುತ್ತದೆ. ಆದರೆ ಈ ಪ್ರಶ್ನೆಯಲ್ಲಿ ಕೊಟ್ಟವರಿದ್ದಾರೆ, ತಗೊಂಡವರಿದ್ದಾರೆ, ಮಗುವೇ ಇಲ್ಲ. ನನ್ನ ತಕರಾರು ಇರುವುದು ಅಲ್ಲಿ.

ನಮ್ಮ ಭಾಗದಲ್ಲಿ ದತ್ತಕ ಎಂದರೆ ಮೊದಲು ನೆನಪಾಗುವುದು ವಾರಸಾ. ನರಗುಂದದ ಬಾಬಾಸಾಹೇಬ ದತ್ತಕ ತೆಗೆದುಕೊಳ್ಳಲು ಕೇಳಿದ ಅನುಮತಿಯನ್ನು ಬ್ರಿಟಿಷರು ನಿರಾಕರಿಸಿದರು. ಆ ಕಿಚ್ಚು 1858ರ ಬಂಡಾಯವಾಗಿ, ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನ ಹತ್ಯೆಯಾಗಿ, ಕೊನೆಗೆ ಬೆಳಗಾವಿಯಲ್ಲಿ ನೇಣಾಗಿ ಮುಗಿಯಿತು. ಆ ಹೋರಾಟದ ಬಗ್ಗೆ ಹೆಮ್ಮೆ ಇರಲಿ. ಆದರೆ ಅಲ್ಲಿನ ವ್ಯಾಜ್ಯ ಸಂಸ್ಥಾನದ್ದು, ಮಗುವಿನದಲ್ಲ. ಇಂದಿಗೂ ನಮ್ಮಲ್ಲಿ ಬರೆಯುವ ದತ್ತಕ ಪತ್ರಗಳಲ್ಲಿ ಹೊಲದ ಸರ್ವೆ ನಂಬರು ತಪ್ಪುವುದಿಲ್ಲ; ಮಗುವಿನ ಜನನ ಪ್ರಮಾಣಪತ್ರದ ನಂಬರು ಮಾತ್ರ ಎಷ್ಟೋ ಸಲ ಇರುವುದಿಲ್ಲ.

ಬಾಂಡ್ ಬರೆಯುವವರು ಈಗ ಒಂದು ತೀರ್ಪನ್ನು ಮುಂದಿಡುತ್ತಾರೆ. ಪಕ್ಕದ ಕೊಪ್ಪಳ ಜಿಲ್ಲೆಯಲ್ಲಿ ಅವಳಿ ಮಕ್ಕಳನ್ನು ಹೆತ್ತ ದಂಪತಿ, ಒಂದು ಕೂಸನ್ನು 20 ರೂಪಾಯಿಯ ಸ್ಟ್ಯಾಂಪ್ ಪೇಪರ್ ಮೇಲೆ ಇನ್ನೊಂದು ದಂಪತಿಗೆ ಕೊಟ್ಟಿದ್ದರು. ನಾಲ್ವರ ಮೇಲೂ ಬಾಲನ್ಯಾಯ ಕಾಯ್ದೆಯ 80ನೇ ಕಲಮಿನಡಿ ಕೇಸಾಯಿತು. 2022ರಲ್ಲಿ ಹೈಕೋರ್ಟಿನ ಧಾರವಾಡ ಪೀಠ ಅದನ್ನು ರದ್ದು ಮಾಡಿತು. ಆ ಕಲಮು ಅನಾಥ, ಪರಿತ್ಯಕ್ತ ಅಥವಾ ಒಪ್ಪಿಸಲ್ಪಟ್ಟ ಮಕ್ಕಳಿಗಷ್ಟೇ ಅನ್ವಯ, ಹೆತ್ತವರ ಮಡಿಲಲ್ಲೇ ಇದ್ದ ಈ ಮಗು ಆ ಮೂರರಲ್ಲಿ ಯಾವುದೂ ಅಲ್ಲ ಎಂಬುದು ಅದರ ತರ್ಕ. ಸರಿಯಾದ ಮಾತೇ. ಆದರೆ ‘ಇದು ಆ ಕಲಮಿನ ಅಪರಾಧವಲ್ಲ’ ಎಂಬುದು ಬಾಂಡ್ ಬರೆಯುವವರ ಬಾಯಲ್ಲಿ ‘ಇದು ಕಾಯ್ದೆಶೀರ ದತ್ತಕ’ ಎಂದಾಗಿದೆ. ಹೆತ್ತವರನ್ನು ಜೈಲಿನಿಂದ ಉಳಿಸಿದ ಮಾತ್ರಕ್ಕೆ ಆ ತೀರ್ಪು ಸ್ಟ್ಯಾಂಪ್ ಪೇಪರಿಗೆ ದತ್ತಕದ ಬಲ ಕೊಟ್ಟಂತಾಗಲಿಲ್ಲ. ಹಣ ಕೈಬದಲಾಗಿದ್ದರೆ ಅದರ ರಕ್ಷಣೆಯೂ ಸಿಗದು: ಮಗುವಿನ ಮಾರಾಟಕ್ಕೆ 81ನೇ ಕಲಮಿದೆ, ಐದು ವರ್ಷದವರೆಗೆ ಶಿಕ್ಷೆ ಇದೆ.

ಮನೆಯೊಳಗಿನ ದತ್ತಕಕ್ಕೆ ಸರಿದಾರಿ ಏನೆಂದು ನೋಡೋಣ. ರೋಣ ತಾಲ್ಲೂಕಿನ ಒಂದು ಹಿಂದೂ ಕುಟುಂಬದಲ್ಲಿ ಅಣ್ಣನಿಗೆ ಮೂವರು ಹೆಣ್ಣುಮಕ್ಕಳು, ತಮ್ಮನಿಗೆ ಮಕ್ಕಳಿಲ್ಲ ಎಂದಿಟ್ಟುಕೊಳ್ಳಿ. 1956ರ ಹಿಂದೂ ದತ್ತಕ ಕಾಯ್ದೆಯಡಿ ಅಣ್ಣ ತನ್ನ ಮಗಳನ್ನು ತಮ್ಮನಿಗೆ ಕೊಡಬಹುದು. ಅಣ್ಣ ಮತ್ತು ಅತ್ತಿಗೆ ಇಬ್ಬರೂ ಒಪ್ಪಬೇಕು, ತಮ್ಮನ ಹೆಂಡತಿಯೂ ಒಪ್ಪಬೇಕು. ಹುಡುಗಿಗೆ 15 ತುಂಬಿರಬಾರದು, ಆಕೆಗೂ ತಮ್ಮನಿಗೂ ಕನಿಷ್ಠ 21 ವರ್ಷ ಅಂತರವಿರಬೇಕು. ಮಗುವನ್ನು ನಿಜವಾಗಿ ಕೈಯಿಂದ ಕೈಗೆ ಕೊಟ್ಟು ತೆಗೆದುಕೊಳ್ಳಬೇಕು, ದತ್ತಹೋಮ ಕಡ್ಡಾಯವಲ್ಲ. ಆಮೇಲೆ ಎರಡೂ ಕಡೆಯವರು ಸಹಿ ಮಾಡಿದ ಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕು. ನೋಟರಿ ಮೊಹರು ಇದಕ್ಕೆ ಬದಲಿಯಲ್ಲ. ನೋಂದಾಯಿತ ಪತ್ರವಿದ್ದರೆ ದತ್ತಕ ಸರಿಯಾಗಿಯೇ ನಡೆದಿದೆ ಎಂದು ಕೋರ್ಟು ಮೊದಲೇ ಭಾವಿಸುತ್ತದೆ. ಸುಳ್ಳೆಂದು ತೋರಿಸುವ ಹೊರೆ ತಕರಾರು ತೆಗೆದವರದು.

ನೋಂದಣಿ ಇಲ್ಲದಿದ್ದರೆ ಹೊರೆ ಆ ಹುಡುಗಿಯ ತಲೆಗೇ. ಮೂವತ್ತು ವರ್ಷದ ನಂತರ ತಮ್ಮ ತೀರಿಕೊಂಡು, ಉತಾರದಲ್ಲಿ ವಾರಸಾ ಹಚ್ಚಲು ಅರ್ಜಿ ಕೊಟ್ಟಾಗ ದಾಯಾದಿಗಳ ತಕರಾರು ಬರುತ್ತದೆ. ತನ್ನನ್ನು ಯಾವ ದಿನ, ಯಾರ ಮುಂದೆ, ಯಾರು ಯಾರಿಗೆ ಕೊಟ್ಟರು ಎಂದು ಆಕೆ ಸಾಬೀತು ಮಾಡಬೇಕು. ಅಂದು ಆಕೆ ತೊಟ್ಟಿಲಲ್ಲಿದ್ದಳು. ಸಾಕ್ಷಿದಾರರು ಹೋಗಿಬಿಟ್ಟಿದ್ದಾರೆ. ಶಾಲೆಯ ದಾಖಲೆಯಲ್ಲಿ ಒಬ್ಬ ಅಪ್ಪ, ಜನನ ಪತ್ರದಲ್ಲಿ ಇನ್ನೊಬ್ಬ.

ಗಜೇಂದ್ರಗಡದ ಮುಸ್ಲಿಂ ಮನೆಗಳಿಗೂ ಕ್ರೈಸ್ತರಿಗೂ 1956ರ ಕಾಯ್ದೆಯ ದಾರಿ ಇಲ್ಲ. ಬಾಲನ್ಯಾಯ ಕಾಯ್ದೆಯ ದಾರಿ ಮಾತ್ರ ಎಲ್ಲ ಧರ್ಮದವರಿಗೂ ತೆರೆದಿದೆ ಎಂದು ಸುಪ್ರೀಂ ಕೋರ್ಟು 2014ರಲ್ಲೇ ಹೇಳಿದೆ. ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ, ಅತ್ತೆ, ಚಿಕ್ಕಮ್ಮ, ಅಜ್ಜ, ಅಜ್ಜಿ ಇವರು ಸಂಬಂಧಿಕರೆಂಬ ಲೆಕ್ಕದಲ್ಲಿ ದತ್ತು ಪಡೆಯಬಹುದು. ಗದಗದ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ವಿಚಾರಣೆ ಮಾಡುತ್ತದೆ, ಆದೇಶ ಜಿಲ್ಲಾಧಿಕಾರಿಯದು. ಮೊದಲು ಈ ಆದೇಶ ಕೋರ್ಟಿನಿಂದ ಬರುತ್ತಿತ್ತು, 2022ರ ಸೆಪ್ಟೆಂಬರ್‌ನಿಂದ ಜಿಲ್ಲಾಧಿಕಾರಿಗೆ ಬಂದಿದೆ. ಅಪ್ಪನ ಸೋದರಸಂಬಂಧಿ ಈ ಪಟ್ಟಿಯಲ್ಲಿಲ್ಲ. ನಮ್ಮಲ್ಲಿ ಅವನನ್ನೂ ಕಾಕಾ ಎಂದೇ ಕರೆಯುವುದರಿಂದ ಗೊಂದಲ ಸಹಜ.

ಹೊರಗಿನ ಮಗುವಾದರೆ ಕೇಂದ್ರ ದತ್ತು ಪ್ರಾಧಿಕಾರದ ಪೋರ್ಟಲ್ಲಿನಲ್ಲಿ ಹೆಸರು ಹಚ್ಚಬೇಕು. ಪ್ಯಾನ್ ಕಾರ್ಡು, ವಯಸ್ಸಿನ ದಾಖಲೆ, ಮದುವೆಯ ದಾಖಲೆ, ಆದಾಯ ಮತ್ತು ವೈದ್ಯರ ಪ್ರಮಾಣಪತ್ರ ಹೆಚ್ಚಿನವರ ಕೈಗೆಟಕುವಂಥವೇ. ಎಡವುವುದು ವಯಸ್ಸಿನಲ್ಲಿ. ಎರಡು ವರ್ಷದೊಳಗಿನ ಕೂಸು ಬೇಕೆಂದರೆ ಗಂಡಹೆಂಡಿರ ವಯಸ್ಸು ಕೂಡಿ 85 ದಾಟಿರಬಾರದು. ಗುಡಿ, ದರ್ಗಾ, ಹುಬ್ಬಳ್ಳಿಯ ದವಾಖಾನೆ ಎಲ್ಲ ಸುತ್ತಿ ಗಂಡನಿಗೆ 46, ಹೆಂಡತಿಗೆ 41 ಆದಮೇಲೆ ಬಂದವರಿಗೆ ಆ ಬಾಗಿಲು ಮುಚ್ಚಿರುತ್ತದೆ. ಎರಡರಿಂದ ನಾಲ್ಕು ವರ್ಷದ ಮಗುವಿಗೆ ಮಿತಿ 90. ಅದರ ಮೇಲೆ ಸರದಿ ಮೂರು ವರ್ಷಕ್ಕೂ ಮೀರುತ್ತದೆ. ಬಾಂಡಿನ ಆಸೆ ಹುಟ್ಟುವುದು ಈ ಕಾಯುವಿಕೆಯಲ್ಲೇ. ಆದರೂ ಆ ತಡವೆಲ್ಲ ದಂಡವಲ್ಲ: ಮಗುವನ್ನು ಒಪ್ಪಿಸಿದ ತಾಯಿಗೆ ಮನಸ್ಸು ಬದಲಿಸಲು ಕಾಯ್ದೆ ಎರಡು ತಿಂಗಳು ಕೊಟ್ಟಿದೆ. ಬಾಂಡ್ ಬರೆಸಿಕೊಳ್ಳುವವರು ಬಾಣಂತಿಗೆ ಎರಡು ದಿನವೂ ಕೊಡುವುದಿಲ್ಲ.

ಇನ್ನು ಮನೆ ಅಧ್ಯಯನ. ಸಮಾಜ ಕಾರ್ಯಕರ್ತೆ ಮನೆಗೆ ಬರುವ ದಿನ ಹೊಸ ಚಾದರ ಹಾಸಿ, ಅತ್ತೆಯನ್ನು ಮಗಳ ಊರಿಗೆ ಕಳಿಸಿಬಿಡುವ ದಂಪತಿಗಳಿದ್ದಾರೆ. ಇದು ತಮಗೇ ಮಾಡಿಕೊಳ್ಳುವ ಮೋಸ. ‘ಯಾವ ಕುಲದ್ದೋ ಏನೋ, ನಮ್ಮ ದೇವರಮನಿಗೆ ಬರೂದಾ?’ ಎಂಬ ಮಾತು ಅತ್ತೆಯ ಬಾಯಿಂದ ಬರುವುದೇ ಆದರೆ ಮಗು ಬರುವ ಮೊದಲೇ ಬರಲಿ. ಜಾತಿ ಆರಿಸುವ ಅವಕಾಶ ಈ ವ್ಯವಸ್ಥೆಯಲ್ಲಿ ಇಲ್ಲ, ಇರಲೂಬಾರದು. ಮನೆಯಲ್ಲಿ ಐದು ವರ್ಷ ಮೀರಿದ ಮಗುವಿದ್ದರೆ ಅದರ ಒಪ್ಪಿಗೆಯನ್ನೂ ಕೇಳುತ್ತಾರೆ. ಅದನ್ನು ಅಪ್ಪ ತಾನೇ ಬರೆದು ಮುಗಿಸದೆ, ತಮ್ಮನೋ ತಂಗಿಯೋ ಬಂದರೆ ಆಟಿಕೆಯಿಂದ ಹಿಡಿದು ಹೊಲದವರೆಗೆ ಪಾಲು ಇದೆ ಎಂದು ಆ ಮಗುವಿಗೆ ಬಿಡಿಸಿ ಹೇಳಬೇಕು. ಮಗು ಬಂದಮೇಲೂ ಎರಡು ವರ್ಷ ಆರಾರು ತಿಂಗಳಿಗೊಮ್ಮೆ ಕಾರ್ಯಕರ್ತೆ ಬರುತ್ತಾಳೆ. ಓಣಿಯವರಿಗೆ ಗೊತ್ತಾಗುತ್ತದೆಂದು ಇದಕ್ಕೂ ಹೆದರುವವರುಂಟು. ಓಣಿಗೆ ಮೊದಲೇ ಗೊತ್ತಿರುತ್ತದೆ. ಗೊತ್ತಿಲ್ಲದ್ದು ಮಗುವಿಗೆ ಮಾತ್ರ, ಅದಕ್ಕೆ ತಿಳಿಯುವುದು ಜಗಳದಲ್ಲಿ, ಅದೂ ಬೇರೆಯವರ ಬಾಯಿಂದ. ಮಾತು ಕಲಿಯುವ ವಯಸ್ಸಿನಿಂದಲೇ ಹೇಳುತ್ತ ಬಂದರೆ ಆ ಜಗಳಕ್ಕೆ ವಿಷವಿರುವುದಿಲ್ಲ.

ಇಷ್ಟೆಲ್ಲ ಹೇಳಿ ಸರ್ಕಾರವನ್ನು ಬಿಟ್ಟುಬಿಡಲಾಗದು. ಬಾಂಡ್ ಬರೆಯುವವನು ತಾಲ್ಲೂಕು ಕಚೇರಿಯ ಬಾಗಿಲಲ್ಲೇ ಸಿಗುತ್ತಾನೆ, ದತ್ತು ಕಾಯ್ದೆ ಬಲ್ಲವರು ಗದಗದಲ್ಲಿ ಕೂತಿರುತ್ತಾರೆ. ಮಕ್ಕಳ ರಕ್ಷಣಾ ಘಟಕದ ಒಬ್ಬರು ವಾರಕ್ಕೊಂದು ಗೊತ್ತಾದ ದಿನ ಮೂರೂ ತಾಲ್ಲೂಕುಗಳ ಸರ್ಕಾರಿ ದವಾಖಾನೆಯಲ್ಲಿ ಕೂರಲಿ. ಹೆರಿಗೆ ವಾರ್ಡಿನಲ್ಲೇ ಇಂಥ ಮಾತುಕತೆ ಶುರುವಾಗುವುದು. ನೋಟರಿಗಳು ಮಗುವಿನ ಪತ್ರಕ್ಕೆ ಮೊಹರು ಒತ್ತುವುದನ್ನು ನಿಲ್ಲಿಸಲಿ. ಈಗಾಗಲೇ ಬಾಂಡಿನ ಮೇಲೆ ಬೆಳೆಯುತ್ತಿರುವ ಮಕ್ಕಳ ಮನೆಗೆ ಪೊಲೀಸರ ಬದಲು ಅರ್ಜಿ ನಮೂನೆ ಹೋಗಲಿ: ಹಿಂದೂಗಳಾದರೆ, ಹೆತ್ತವರು ಬದುಕಿರುವಾಗಲೇ ನೋಂದಣಿಗೆ, ಹತ್ತಿರದ ಸಂಬಂಧಿಕರಾದರೆ, ಜಿಲ್ಲಾಧಿಕಾರಿಯ ಮುಂದಕ್ಕೆ, ಎರಡೂ ಅಲ್ಲದಿದ್ದರೆ, ಮಕ್ಕಳ ಕಲ್ಯಾಣ ಸಮಿತಿಯ ಮುಂದಕ್ಕೆ.