ಫಲಕದ ಹೆಸರು, ರಸೀದಿಯ ಹೆಸರು

ಹೊನ್ನಾವರದ ಎಸ್.ಡಿ.ಎಂ. ಕಾಲೇಜಿನ ಹೆಸರು ಕೇಳಿದ ಪರಊರಿನವರು ಅದನ್ನು ಉಜಿರೆಯ ಎಸ್.ಡಿ.ಎಂ. ಸಂಸ್ಥೆಗಳ ಶಾಖೆಯೆಂದು ಭಾವಿಸುವುದು ಸಹಜವಾದರೂ, ಅದನ್ನು ನಡೆಸುತ್ತಿರುವುದು ಮಲ್ನಾಡ್ ಪ್ರೋಗ್ರೆಸಿವ್ ಎಜುಕೇಶನ್ ಸೊಸೈಟಿ ಎಂಬ ಬೇರೆಯೇ ಆಡಳಿತ ಸಂಸ್ಥೆ. ಅದೇ ರೀತಿ ಭಟ್ಕಳದ ಅಂಜುಮನ್ ಕಾಲೇಜುಗಳ ಹಿಂದೆ 1919ರಲ್ಲಿ ಸ್ಥಾಪನೆಯಾದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಇದೆ, ಕುಮಟಾದ ಬಾಳಿಗಾ ಕಾಲೇಜಿನ ಹಿಂದೆ ಕೆನರಾ ಕಾಲೇಜು ಸೊಸೈಟಿ ಇದೆ. ಈ ಹಳೆಯ ಸಂಸ್ಥೆಗಳ ಮಾಲೀಕತ್ವ ಊರಿಗೆಲ್ಲ ತಿಳಿದ ಸಂಗತಿಯಾದುದರಿಂದ ಪಾಲಕರಿಗೆ ಗೊಂದಲವಿಲ್ಲ. ಗೊಂದಲ ಹುಟ್ಟುವುದು ಶಾಲೆ ಒಂದು ಟ್ರಸ್ಟಿನದಾಗಿದ್ದು, ಫಲಕದ ಹೆಸರು ಫ್ರಾಂಚೈಸಿ ಒಪ್ಪಂದದ ಮೇಲೆ ಬೇರೊಬ್ಬರಿಂದ ಪಡೆದದ್ದಾಗಿದ್ದು, ನೀಟ್ ತರಬೇತಿಯ ಹಣ ಮಾತ್ರ ಮೂರನೆಯ ಕಂಪನಿಯ ಖಾತೆಗೆ ಹೋಗುವಲ್ಲಿ.

ಇದನ್ನು ಬಿಡಿಸಿಕೊಳ್ಳಲು ರಸೀದಿಯೇ ಮೊದಲ ಆಧಾರ. ಶಾಲಾ ಶಿಕ್ಷಣಕ್ಕೆ ಜಿಎಸ್‌ಟಿ ವಿನಾಯಿತಿ ಇದ್ದರೂ ಖಾಸಗಿ ತರಬೇತಿಗೆ ಶೇ. 18ರಷ್ಟು ತೆರಿಗೆ ಇರುವುದರಿಂದ, ನೋಂದಾಯಿತ ಕೋಚಿಂಗ್ ಸಂಸ್ಥೆಯ ರಸೀದಿಯಲ್ಲಿ 15 ಅಕ್ಷರಾಂಕಗಳ ಜಿಎಸ್‌ಟಿ ಸಂಖ್ಯೆ ಇರಬೇಕು. ಅದರ ಮೊದಲ ಎರಡು ಅಂಕಿಗಳು ರಾಜ್ಯವನ್ನು ಸೂಚಿಸುತ್ತವೆ, ಕರ್ನಾಟಕಕ್ಕೆ 29. ನಂತರದ ಹತ್ತು ಅಕ್ಷರಾಂಕಗಳು ಮಾಲೀಕರ ಪ್ಯಾನ್ ಸಂಖ್ಯೆ. ಒಟ್ಟು ಸಂಖ್ಯೆಯಲ್ಲಿ ಆರನೆಯದಾಗಿ ಬರುವ ಅಕ್ಷರ `C` ಆಗಿದ್ದರೆ ಹಣ ಪಡೆದವರು ಕಂಪನಿ, `T` ಆಗಿದ್ದರೆ ಟ್ರಸ್ಟ್, `F` ಆಗಿದ್ದರೆ ಪಾಲುದಾರಿಕೆ ಸಂಸ್ಥೆ, `P` ಆಗಿದ್ದರೆ ಒಬ್ಬ ವ್ಯಕ್ತಿ. ಇದೇ ಸಂಖ್ಯೆಯನ್ನು `services.gst.gov.in` ತಾಣದಲ್ಲಿ ಹುಡುಕಿದರೆ ವ್ಯಾಪಾರದ ಹೆಸರು ಮತ್ತು ಕಾನೂನುಬದ್ಧ ಹೆಸರು ಎರಡೂ ಪ್ರತ್ಯೇಕವಾಗಿ ತೆರೆದುಕೊಳ್ಳುತ್ತವೆ; ಕಂಪನಿಯಾದರೆ ಅದರ ನೋಂದಣಿ ವಿವರ `mca.gov.in` ತಾಣದಲ್ಲಿ ಸಿಗುತ್ತದೆ. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರದ ಸಣ್ಣ ಟ್ಯೂಷನ್ ಕೇಂದ್ರಕ್ಕೆ ಈ ಸಂಖ್ಯೆ ಇರಬೇಕೆಂದಿಲ್ಲ. ಆದರೆ ದೊಡ್ಡ ಕೇಂದ್ರವೊಂದು ತರಬೇತಿ ಶುಲ್ಕವನ್ನು ಟ್ರಸ್ಟಿನ ದೇಣಿಗೆಯೆಂದು ಬರೆದುಕೊಟ್ಟರೆ ಅದನ್ನು ಅಲ್ಲಿಯೇ ಪ್ರಶ್ನಿಸಬೇಕು, ಏಕೆಂದರೆ ದೇಣಿಗೆಯನ್ನು ಮರಳಿ ಕೇಳುವುದು ಕಷ್ಟ.

ಟ್ರಸ್ಟಿನ ಮೂಲವನ್ನು ಹುಡುಕುವುದು ಇಷ್ಟು ಸುಲಭವಲ್ಲ. ಸೊಸೈಟಿಯು 1960ರ ರಾಜ್ಯ ಸಂಘಗಳ ನೋಂದಣಿ ಕಾಯ್ದೆಯಡಿ ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರವನ್ನು ಪ್ರತಿ ವರ್ಷ ಸಲ್ಲಿಸಬೇಕು; ಟ್ರಸ್ಟ್ ಮಾತ್ರ ಉಪನೋಂದಣಿ ಕಚೇರಿಯಲ್ಲಿ ದಾಖಲಾದ ಟ್ರಸ್ಟ್ ಪತ್ರವೊಂದರ ಮೇಲೆ ನಿಂತಿರುತ್ತದೆ. ಸ್ಥಿರಾಸ್ತಿಗೆ ಸಂಬಂಧಿಸದ ಪತ್ರವು ಅಲ್ಲಿನ 4ನೇ ಪುಸ್ತಕದಲ್ಲಿ ದಾಖಲಾಗಿದ್ದರೆ, 1908ರ ನೋಂದಣಿ ಕಾಯ್ದೆಯ 57ನೇ ಕಲಮಿನಂತೆ ಅದರ ನಕಲು ಪತ್ರ ಬರೆದವರಿಗೆ ಮತ್ತು ಅದರಡಿ ಹಕ್ಕುಳ್ಳವರಿಗೆ ಮಾತ್ರ ದೊರೆಯುತ್ತದೆ. ಹೀಗಾಗಿ ಪಾಲಕರು ಅದನ್ನು ಶಾಲೆಯಿಂದಲೇ ಕೇಳಬೇಕಾಗುತ್ತದೆ. ತೋರಿಸಲು ಒಪ್ಪದ ಶಾಲೆಯನ್ನು ಸಂದೇಹದಿಂದ ನೋಡುವುದು ತಪ್ಪಲ್ಲ.

ಹೆಸರಿನ ಈ ವ್ಯತ್ಯಾಸದ ಬೆಲೆ ತಿಳಿಯುವುದು ಸಂಸ್ಥೆ ಕುಸಿದಾಗ. ಬೈಜೂಸ್ ಎಂಬ ಹೆಸರಿನ ಹಿಂದಿದ್ದ ಬೆಂಗಳೂರಿನ ಕಂಪನಿ ಥಿಂಕ್ ಆ್ಯಂಡ್ ಲರ್ನ್ ಪ್ರೈವೇಟ್ ಲಿಮಿಟೆಡ್. 2024ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆ ಆರಂಭವಾದದ್ದು ಆ ಕಂಪನಿಯ ಮೇಲೆ. ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವ ದೂರಿನಲ್ಲಿಯೂ ಎದುರುದಾರರ ಜಾಗದಲ್ಲಿ ಬರೆಯಬೇಕಾದದ್ದು ಇಂಥ ಕಾನೂನುಬದ್ಧ ಹೆಸರನ್ನೇ. ಆದುದರಿಂದ ಮೊದಲ ಕಂತು ಕಟ್ಟುವ ದಿನವೇ ರಸೀದಿ, ಬ್ಯಾಂಕ್ ಖಾತೆ ಮತ್ತು ಪ್ರವೇಶ ಪತ್ರ ಮೂರರಲ್ಲೂ ಒಂದೇ ಹೆಸರು ಇದೆಯೇ ಎಂದು ಪಾಲಕರು ಓದಿ ನೋಡಲಿ.